ಹದಿನೆಂಟು ಅಡಿ ಗೋಡೆಯಲ್ಲಿ ಹಿಡಿಯದ ನಾಲ್ಕು ವರ್ಷ

ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಜ್ಯೂಸ್ ಕಂಪನಿಯಲ್ಲಿ ನಾನು ಇಪ್ಪತ್ತು ವರ್ಷದಿಂದ ಇದ್ದೇನೆ. ಹೆಸರಿಗೆ ಅಡ್ಮಿನ್ ಮ್ಯಾನೇಜರ್. ಕಾಫಿ ಪುಡಿ ತರಿಸುವುದರಿಂದ ಹಿಡಿದು ಇನ್‌ಸ್ಪೆಕ್ಟರಿಗೆ ಫೈಲು ತೋರಿಸುವವರೆಗೆ ಯಾರಿಗೂ ಬೇಡವಾದದ್ದೆಲ್ಲ ನನ್ನ ತಲೆಗೆ. ಹೋದ ವರ್ಷ ರಿಸೆಪ್ಶನ್ ಹೊಸದಾಗಿ ಕಟ್ಟಿಸಿದಾಗ, ಅಲ್ಲಿನ ಹದಿನೆಂಟು ಅಡಿ ಉದ್ದದ ಗೋಡೆ ಖಾಲಿ ಕಾಣುತ್ತದೆ, ಕಂಪನಿಯ ಮೂವತ್ತಾರು ವರ್ಷದ ಕಥೆಯನ್ನು ಬಣ್ಣದ ಪಟ್ಟಿ ಪಟ್ಟಿಯಾಗಿ ಅಲ್ಲಿ ಹಾಕಿಸಿ ಎಂದು ಎಂ.ಡಿ. ಹೇಳಿದರು. ನಾನೂ ಖುಷಿಯಿಂದಲೇ ಒಪ್ಪಿಕೊಂಡೆ. ನನ್ನ ಬುದ್ಧಿಗಿಷ್ಟು.

ಗ್ರಾಫ್ ಹಾಳೆ ತಂದು ಕೂತೆ. ಹದಿನೆಂಟು ಅಡಿಗೆ ಮೂವತ್ತಾರು ವರ್ಷ, ಅಂದರೆ ವರ್ಷಕ್ಕೆ ಅರ್ಧ ಅಡಿ. ಇಷ್ಟು ಸಲೀಸಾದ ಲೆಕ್ಕ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮೊದಲನೇ ವರ್ಷ ಶ್ರೀನಿವಾಸಪುರದಲ್ಲಿ ಮಾವಿನ ಹಣ್ಣಿನ ತಿರುಳು ತೆಗೆಯುವ ಯುನಿಟ್ಟು. ಹದಿನಾರು ವರ್ಷ ಆದಮೇಲೆ ಮಾಲೂರಿನ ಈ ಫ್ಯಾಕ್ಟರಿ. ಆದರೆ ಇದು ಶುರುವಾದ ದಿನ ಅದು ಮುಚ್ಚಲಿಲ್ಲ. ಮಾಲೂರಿನಲ್ಲಿ ಆಗ ಜ್ಯೂಸ್ ತುಂಬುವ ಮೆಷೀನು ಮಾತ್ರ ಇತ್ತು, ತಿರುಳು ತೆಗೆಯುವುದು ಇರಲಿಲ್ಲ. ಇನ್ನೂ ನಾಲ್ಕು ಸೀಸನ್ ಶ್ರೀನಿವಾಸಪುರದಿಂದ ಡ್ರಮ್ಮುಗಳಲ್ಲಿ ತಿರುಳು ಬಂದದ್ದಕ್ಕೇ ಇಲ್ಲಿ ಬಾಟಲಿ ತುಂಬಿದ್ದು. ನಾನು ಹೊಸದಾಗಿ ಸೇರಿದ ಟೈಪಿಸ್ಟು, ಹಾಜರಿ ಪುಸ್ತಕ ತರುವುದಕ್ಕೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಆದ್ದರಿಂದ ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಆ ನಾಲ್ಕು ವರ್ಷ ಯುನಿಟ್ಟು ನಡೆಸಿದ್ದು ಆಂಧ್ರದ ಗಡಿಯ, ತೆಲುಗು ಮಾತಿನ ರಾಯಲ್ಪಾಡಿನ ಕಡೆಯ ಒಬ್ಬ ಅಕ್ಕ. ಪಳಗಿದ ಗಂಡಾಳುಗಳನ್ನೆಲ್ಲ ಮಾಲೂರಿಗೆ ಎತ್ತಿಕೊಂಡಿದ್ದರು. ಮೊದಲಿಂದ ಅಲ್ಲೇ ಹಣ್ಣು ಆರಿಸುತ್ತಿದ್ದ ಅಕ್ಕನನ್ನು ಸೂಪರ್‌ವೈಸರ್ ಮಾಡಿ, ಇನ್ನು ನಿನ್ನ ಪಾಡು ನಿನ್ನದು ಎಂದು ಬಿಟ್ಟರು. ಅವಳು ತನ್ನ ಊರಿನ ಸುತ್ತಿನಿಂದ ಇಪ್ಪತ್ತು ಹೆಂಗಸರನ್ನು ಕೂಡಿಸಿಕೊಂಡು ಬಂದಳು. ತೋತಾಪುರಿ ರಾಶಿಯ ಮುಂದೆ ಕೂತು ತೊಟ್ಟು ಕೊಯ್ದು, ಓಟೆ ಬಿಡಿಸಿ, ಸೊನೆ ತಾಗಿ ಕೈಯೆಲ್ಲ ಸುಟ್ಟುಕೊಂಡು ದುಡಿದವರು ಅವರು. ಯುನಿಟ್ಟು ಮುಚ್ಚಿದ ಮೇಲೆ ಅವರನ್ನು ಯಾರೂ ಮಾಲೂರಿಗೆ ಕರೆಯಲಿಲ್ಲ. ಅವರು ಈ ಕಂಪನಿಯಲ್ಲಿ ಇದ್ದದ್ದೇ ಆ ನಾಲ್ಕು ವರ್ಷ, ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ನನ್ನ ಗ್ರಾಫ್ ಹಾಳೆಯಲ್ಲಿ ಆ ನಾಲ್ಕು ವರ್ಷ ಎರಡು ಅಡಿ ಉದ್ದ ಬಂದಿತ್ತು. ಮೇಲೆ ಶ್ರೀನಿವಾಸಪುರದ ಹಸಿರು ಪಟ್ಟಿ, ಕೆಳಗೆ ಮಾಲೂರಿನ ಕೇಸರಿ ಪಟ್ಟಿ. ಎರಡೂ ಒಂದರ ಕೆಳಗೊಂದು ಎರಡಡಿ ದೂರ ಜೊತೆಯಲ್ಲೇ ಹೋಗುತ್ತಿದ್ದವು. ನೋಡಿ ನನಗೇ ಕಣ್ಣು ತುಂಬಿ ಬಂತು. ಉದ್ಘಾಟನೆಗೆ ಹಳೆಯವರನ್ನೂ ಕರೆಯಿರಿ ಎಂದು ಎಂ.ಡಿ. ಮೊದಲೇ ಹೇಳಿದ್ದರು. ಅವತ್ತೇ ಅಕ್ಕನಿಗೆ ಫೋನ್ ಮಾಡಿ, ನಿಮ್ಮ ನಾಲ್ಕು ವರ್ಷ ಗೋಡೆ ಮೇಲೆ ಬರುತ್ತದೆ, ಎಲ್ಲರನ್ನೂ ಕರ್ಕೊಂಡು ಬಾ ಎಂದುಬಿಟ್ಟೆ. ಎಲ್ಲರನ್ನೂ ಅಂದ್ರೆ ಎಲ್ಲರನ್ನೂವಾ ಎಂದು ಅವಳು ಎರಡು ಸಲ ಕೇಳಿದಳು. ಇಬ್ಬರು ತೀರಿಕೊಂಡಿದ್ದಾರೆ, ಉಳಿದವರನ್ನು ಟೆಂಪೋ ಮಾಡಿಕೊಂಡು ಕರೆತರುತ್ತೇನೆ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಹೇಳುತ್ತಲೇ ಇದ್ದಳು. ನನ್ನ ಕಿವಿಗೆ ಯಾವತ್ತು ಬಿದ್ದಿದೆ?

ಎಂ.ಡಿ. ಹಾಳೆ ನೋಡಿದರು. ಅವರು ಕಂಪನಿ ಕಟ್ಟಿದ ದೊಡ್ಡವರ ಮಗ. ಕೆಟ್ಟವರಲ್ಲ, ಅವಸರದವರು. ಕೊನೆಯ ಹನ್ನೆರಡು ವರ್ಷದಲ್ಲೇ ಹೊಸ ಮೆಷೀನು, ಹೊರದೇಶದ ಆರ್ಡರು, ಪ್ರಶಸ್ತಿ, ಮುಳಬಾಗಿಲಿನ ಟೊಮೆಟೊ ಸಾಸ್, ಎಲ್ಲ ಬಂದದ್ದು. ಅವುಗಳ ಬರಹ ಆರು ಅಡಿಯಲ್ಲಿ ಒಂದರ ಮೇಲೊಂದು ಹತ್ತಿ ಕೂತಿತ್ತು. ಮೊದಲ ಕಾಲದಲ್ಲಿ ನೋಡಿದರೆ ಗೋಡೆ ಬಿಕೋ ಎನ್ನುತ್ತಿತ್ತು. ಹಳೆಯದನ್ನು ಕುಗ್ಗಿಸಿ ಹೊಸದಕ್ಕೆ ಜಾಗ ಕೊಡಿ ಎಂದರು. ನಾನು ಹೇಳಿದೆ, ಅಳತೆ ಒಂದೇ ಇರಲಿ ಸಾರ್, ಬರಹಗಳನ್ನು ಒಂದು ಮೇಲೆ ಒಂದು ಕೆಳಗೆ ಎಂದು ಸರಿಸಿ ಗೆರೆ ಎಳೆದು ಸೇರಿಸೋಣ, ಇಲ್ಲದಿದ್ದರೆ ನೋಡುವವರಿಗೆ ಹಳೆಯದು ಬೇಗ ಮುಗಿದುಹೋದ ಹಾಗೆ ಕಾಣುತ್ತದೆ. ಅವರು ಒಪ್ಪಲಿಲ್ಲ. ಹಳೇದು ಯಾರಿಗೆ ಬೇಕು ಮೇಡಂ ಎಂದರು. ಕೊನೆಗೆ ಮೊದಲ ಇಪ್ಪತ್ನಾಲ್ಕು ವರ್ಷಕ್ಕೆ ಆರು ಅಡಿ, ಆಮೇಲಿನ ಹನ್ನೆರಡಕ್ಕೆ ಹನ್ನೆರಡು ಅಡಿ ಎಂದಾಯಿತು. ಹೊಸ ಕಾಲಕ್ಕೆ ವರ್ಷಕ್ಕೆ ಒಂದು ಅಡಿ, ಹಳೆಯ ಕಾಲಕ್ಕೆ ವರ್ಷಕ್ಕೆ ಮೂರೇ ಇಂಚು. ಅಳತೆ ಬದಲಾಗುವ ಕಡೆ ವರ್ಷದ ಗೆರೆಯನ್ನು ಮುರಿದು ತೋರಿಸಲೇಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ ಎಂದು ಹಟ ಹಿಡಿದೆ. ಅದೊಂದು ನಡೆಯಿತು. ಎರಡು ಅಡಿ ಒಂದು ಅಡಿಯಾಯಿತು, ಇರಲಿ, ಒಂದಡಿಯಾದರೂ ಉಳಿಯಿತಲ್ಲ ಎಂದುಕೊಂಡೆ.

ಆಮೇಲೆ ಸಾಲುಗಳ ಗಲಾಟೆ ಶುರುವಾಯಿತು. ಕೋಲಾರದ ಬೋರ್ಡು ಅಂಗಡಿಯವರು ಅಳತೆ ತೆಗೆದುಕೊಂಡು, ಸೋಫಾದ ಬೆನ್ನಿನಿಂದ ಮೇಲಿನ ದೀಪದ ಪಟ್ಟಿಯವರೆಗೆ ಸಿಗುವುದು ಎರಡೂವರೆ ಅಡಿ ಎಂದರು. ಅದರಲ್ಲಿ ವರ್ಷದ ಗೆರೆಗೆ ಆರು ಇಂಚು. ಬಾಗಿಲಿನಿಂದ ಅಕ್ಷರ ಕಾಣಬೇಕೆಂದರೆ ಸಾಲಿಗೆ ಎಂಟು ಇಂಚು ಬೇಕು. ಮೂರು ಸಾಲಿಗೇ ಜಾಗ ಮುಗಿಯಿತು. ಪಟ್ಟಿಗಳ ಧರ್ಮ ಏನೆಂದರೆ, ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುವುದಾದರೆ ಎರಡನ್ನೂ ಒಂದೇ ಸಾಲಿಗೆ ಹಾಕಬಹುದು. ಒಂದೇ ಕಾಲದಲ್ಲಿ ನಡೆಯುತ್ತಿದ್ದರೆ ಒಂದೊಂದಕ್ಕೂ ಬೇರೆ ಸಾಲು ಬೇಕೇ ಬೇಕು. ಆ ನಾಲ್ಕು ವರ್ಷದಲ್ಲಿ ಒಟ್ಟಿಗೆ ಓಡುತ್ತಿದ್ದದ್ದು ನಾಲ್ಕು: ದೊಡ್ಡವರ ಆಡಳಿತ, ಅದರ ಜೊತೆಗೇ ಸೇರಿಕೊಂಡಿದ್ದ ಮಗನ ಆಡಳಿತ, ಶ್ರೀನಿವಾಸಪುರ, ಮಾಲೂರು. ಇರುವ ಸಾಲು ಮೂರು. ಎಲ್ಲಿಂದ ತರಲಿ?

ನನಗೆ ತಿಳಿದದ್ದನ್ನೆಲ್ಲ ಹೇಳಿ ನೋಡಿದೆ. ಸಾಲಿಗೆ ಆರು ಇಂಚು ಮಾಡಿದರೆ ನಾಲ್ಕು ಹಿಡಿಯುತ್ತವೆ ಎಂದೆ, ಅಕ್ಷರ ಚಿಕ್ಕದಾಗುತ್ತದೆ ಎಂದರು. ಅಪ್ಪ ಮಗನನ್ನು ಒಂದೇ ಪಟ್ಟಿಯಲ್ಲಿ ಹಾಕಿ ಮಗ ಬಂದ ವರ್ಷಕ್ಕೆ ಒಂದು ಗುರುತು ಇಡೋಣವೇ ಎಂದೆ. ಎಂ.ಡಿ. ಮುಖ ಸಣ್ಣಗಾಯಿತು. ಅಪ್ಪನ ಜೊತೆ ಹತ್ತು ವರ್ಷ ಸಮಸಮ ದುಡಿದದ್ದು ಕಾಣಬೇಡವಾ ಎಂದರು. ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಹಾಗಾದರೆ ಯುನಿಟ್ಟುಗಳ ಸಾಲನ್ನು ಆ ಒಂದು ಅಡಿಯಲ್ಲಿ ಮಾತ್ರ ಅರ್ಧರ್ಧ ಮಾಡೋಣ, ಮೇಲೆ ನಾಲ್ಕು ಇಂಚು ಹಸಿರು, ಕೆಳಗೆ ನಾಲ್ಕು ಇಂಚು ಕೇಸರಿ ಎಂದೆ. ಬೋರ್ಡಿನವರು ಸ್ಕ್ರೀನ್ ಮೇಲೆ ಮಾಡಿ ತೋರಿಸಿದರು ಕೂಡ. ನನ್ನ ಕಣ್ಣಿಗೆ ಚೆನ್ನಾಗೇ ಇತ್ತು.

"ಪ್ಯಾಚ್ ಹಾಕ್ದಂಗಿದೆ ಮೇಡಂ," ಎಂದರು ಎಂ.ಡಿ. "ಮಾಲೂರು ಶುರುವಾದ ಕಡೆ ಶ್ರೀನಿವಾಸಪುರ ನಿಲ್ಸಿ. ನೀಟಾಗಿರುತ್ತೆ. ಯಾರ್ ಬಂದು ಎಣಿಸ್ತಾರೆ?"

ಎಣಿಸುವವರು ಟೆಂಪೋದಲ್ಲಿ ಬರ್ತಿದ್ದಾರೆ ಸಾರ್ ಎನ್ನಬೇಕಿತ್ತು. ಎನ್ನಲಿಲ್ಲ. ಮಗಳ ಕಾಲೇಜು, ಮನೆ, ಇಪ್ಪತ್ತು ವರ್ಷದ ಅಭ್ಯಾಸ, ಏನೇನೋ ನೆಪ ಹೇಳಬಹುದು. ನಿಜ ಏನೆಂದರೆ ನನಗೆ ಬಾಯಿ ಬರಲಿಲ್ಲ. ಬೋರ್ಡಿನವರು ಮೌಸನ್ನು ನನ್ನ ಕಡೆ ತಳ್ಳಿ, ನೀವೇ ಸರಿಯಾಗಿ ಎಲ್ಲಿಗೆ ಅಂತ ಎಳೀರಿ ಮೇಡಂ ಎಂದರು. ಹಸಿರು ಪಟ್ಟಿಯ ತುದಿ ಹಿಡಿದು ಎಡಕ್ಕೆ ಎಳೆದೆ. ಒಂದು ಅಡಿ ಹಿಂದೆ ಹೋಗಿ ಮಾಲೂರಿನ ಪಟ್ಟಿಗೆ ಅಂಟಿಕೊಂಡು ನಿಂತಿತು. ಒಂದು ಸೆಕೆಂಡೂ ಹಿಡಿಯಲಿಲ್ಲ.

ಅಕ್ಕನಿಗೆ ಫೋನ್ ಮಾಡಬೇಕು ಎಂದು ದಿನಾ ಅಂದುಕೊಂಡೆ. ಏನಂತ ಹೇಳುವುದು? ಸಾಲು ಸಾಕಾಗಲಿಲ್ಲ ಎಂದರೆ ಅವಳಿಗೆ ಅರ್ಥವಾಗುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಥವಾಗುತ್ತದೆ ಎಂದು ಗೊತ್ತಿದ್ದಕ್ಕೇ ಮಾಡಲಿಲ್ಲ.

ಉದ್ಘಾಟನೆಯ ದಿನ ಅವರು ಎಲ್ಲರಿಗಿಂತ ಮುಂಚೆ ಬಂದರು. ಅಕ್ಕ, ಅವಳ ಹಿಂದೆ ಹದಿನೆಂಟು ಜನ, ಎಲ್ಲರೂ ಎಣ್ಣೆ ಹಚ್ಚಿ ತಲೆ ಬಾಚಿ, ಮಡಿಕೆ ಮುರಿಯದ ಸೀರೆ ಉಟ್ಟು. ಒಬ್ಬಳಿಗೆ ನಡೆಯಲು ಆಗುತ್ತಿರಲಿಲ್ಲ, ಇನ್ನಿಬ್ಬರು ಹಿಡಿದುಕೊಂಡಿದ್ದರು. ನುಣ್ಣನೆಯ ನೆಲ ನೋಡಿ ಚಪ್ಪಲಿ ಹೊರಗೇ ಬಿಟ್ಟರು. ಬೇಡ, ಹಾಕ್ಕೊಂಡೇ ಬನ್ನಿ ಎಂದರೂ ಕೇಳಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಓದು ಬರುವುದಿಲ್ಲ, ಹಾಜರಿ ಪುಸ್ತಕದಲ್ಲೂ ಹೆಬ್ಬೆಟ್ಟೇ ಇತ್ತು. ಅಕ್ಕನಿಗೆ ಮಾತ್ರ ಕನ್ನಡ ಕೂಡಿಸಿ ಕೂಡಿಸಿ ಓದಲು ಬರುತ್ತದೆ.

ಅವಳು ಗೋಡೆಯ ಎಡತುದಿಯಿಂದ ಶುರುಮಾಡಿ, ಹಸಿರು ಪಟ್ಟಿಯ ಮೇಲೆ ಬೆರಳಿಟ್ಟು ನಡೆದುಕೊಂಡು ಬಂದಳು. ಬಣ್ಣ ಬದಲಾದ ಕಡೆ ನಿಂತಳು. ಕೆಳಗಿನ ವರ್ಷ ಓದಿದಳು. ಇನ್ನೊಂದು ಸಲ ಓದಿದಳು. ನಾನು ಪಕ್ಕದಲ್ಲೇ ಇದ್ದೆ, ಎಲ್ಲಾದರೂ ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ವರ್ಷಕ್ಕೆ ಎಷ್ಟು ಇಟ್ಟಿದೀಯಮ್ಮಾ?" ಎಂದು ಮೆಲ್ಲಗೆ ಕೇಳಿದಳು.

"ಈ ಕಡೆ ಮೂರು ಇಂಚು ಅಕ್ಕ."

ಅವಳು ಅಲ್ಲಿಂದ ಬಲಕ್ಕೆ, ಕೇಸರಿ ಪಟ್ಟಿಯ ಮೇಲೆ, ಒಂದು ಗೇಣು ಇಟ್ಟಳು. ಅದರ ಮುಂದೆ ನಾಲ್ಕು ಬೆರಳು ಇಟ್ಟಳು. ಸರಿಯಾಗಿ ಒಂದು ಅಡಿ. ಅಷ್ಟರ ಮೇಲೂ ಮಾಲೂರು ಎಂದೇ ಬರೆದಿತ್ತು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಒಬ್ಬಳು, ನಮ್ಮದು ಯಾವುದು ಅಕ್ಕಾ ಎಂದು ತೆಲುಗಿನಲ್ಲಿ ಕೇಳಿದಳು. ಹದಿನೆಂಟು ಜನವೂ ಮುಂದೆ ಬಗ್ಗಿದರು.

ಅಕ್ಕ ಹಸಿರು ಪಟ್ಟಿಯ ಮೇಲೆ, ಅವರು ಯಾರೂ ಕೆಲಸಕ್ಕೆ ಬರುವ ಮುಂಚಿನ ವರ್ಷಗಳ ಮೇಲೆ, ಅಂಗೈ ಅಗಲಿಸಿ ಇಟ್ಟಳು.

"ಇದೇ ಮನದಿ," ಎಂದಳು. "ಅಂದರೂ ಚೂಡಂಡಿ."

ಇದೇ ನಮ್ಮದು, ಎಲ್ಲರೂ ನೋಡಿ. ಅವರು ಒಬ್ಬೊಬ್ಬರಾಗಿ ಬಂದು ಅದನ್ನು ಮುಟ್ಟಿದರು. ನಡೆಯಲಾಗದವಳನ್ನು ಹಿಡಿದುಕೊಂಡು ಬಂದು ಅವಳ ಕೈಯನ್ನೂ ಮುಟ್ಟಿಸಿದರು. ತೀರಿಹೋದ ಇಬ್ಬರ ಹೆಸರು ಹೇಳಿ ಯಾರೋ ಕಣ್ಣು ಒರೆಸಿಕೊಂಡರು. ಎಂ.ಡಿ. ಬಂದು, ಎಷ್ಟು ಖುಷಿಪಟ್ಟರು ನೋಡಿ ಮೇಡಂ ಎಂದು ನನ್ನನ್ನೇ ಹೊಗಳಿದರು.

ಊಟ ಆದಮೇಲೆ ಟೆಂಪೋ ಹತ್ತಿಸಲು ಹೋದೆ. ಎಲ್ಲರೂ ಹತ್ತಿದ ಮೇಲೆ ಅಕ್ಕ ಕೆಳಗೆ ಉಳಿದಳು. ಬೈಯಲಿ ಎಂದು ಕಾದೆ. ಬೈದರೆ ಎಲ್ಲ ಹೇಳಿಬಿಡಬಹುದಿತ್ತು, ಸಾಲಿನ ಕಥೆ, ಸೋಫಾದ ಕಥೆ, ಎಂ.ಡಿ.ಯ ಕಥೆ.

"ಅದನ್ನ ಬರ್ದೋಳು ನೀನೇನಾ?" ಎಂದಳು.

ಹೂಂ ಎಂದೆ.

"ಅವ್ರಿಗೆ ಹೇಳ್ಬೇಡ ಕಣಮ್ಮಾ," ಎಂದಳು, "ಗೋಡೆ ಮೇಲೆ ನಮ್ದೈತೆ ಅಂತ ಮನೆಗೋಗಿ ಮೊಮ್ಮಕ್ಕಳಿಗೆ ಹೇಳ್ಕೊತಾರೆ."