ಒಂಬತ್ತನೇ ಮಹಡಿ

ನಮ್ಮ ಚಿಕ್ಕಮ್ಮನನ್ನು ಮನೆಯವರೆಲ್ಲ ಲಿಫ್ಟಮ್ಮ ಎಂದು ಕರೆಯುತ್ತಾರೆ. ಲಿಫ್ಟಿನೊಳಗೆ ‘ಬಾಗಿಲು ಮುಚ್ಚುತ್ತಿದೆ’, ‘ಮೂರನೇ ಮಹಡಿ’ ಎಂದು ಹೇಳುತ್ತಿದ್ದ ದನಿ ಅವಳದು. ಲಿಫ್ಟ್ ಮಾಡುವ ಕಂಪನಿಯೊಂದರ ಜೊತೆ ಅವಳಿಗೆ ಕರಾರು ಇತ್ತು. ಹೊಸ ಮಾತು ಬೇಕಾದಾಗ ಅವಳು ಹೋಗಿ ರೆಕಾರ್ಡ್ ಮಾಡಿಸಿ ಬರಬೇಕು. ಅವಳು ಹೇಳಿದ ಮಾತುಗಳನ್ನು ಕರಾರು ಮುಗಿಯುವವರೆಗೆ ಕಂಪನಿ ಬಳಸಬಹುದು.

ಆಮೇಲೆ ಅವಳ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಬಾಯಿ ತೆರೆದರೆ ಒಣ ಎಲೆ ಉಜ್ಜಿದಂಥ ಪಿಸುಮಾತು ಮಾತ್ರ. ಆದರೆ ಅಂಗಡಿಗೆ ಹೋದರೂ ಆಸ್ಪತ್ರೆಗೆ ಹೋದರೂ ಅವಳ ಹಳೆಯ ದನಿ ತಲೆಯ ಮೇಲಿನಿಂದ ತಣ್ಣಗೆ ಮಾತಾಡುತ್ತಿತ್ತು.

“ನಾನು ಸತ್ತಮೇಲೆ ಜನ ಕೇಳಬೇಕಾದ್ದನ್ನ ನಾನೇ ಈಗಲೇ ಕೇಳ್ತಾ ಇದೀನಿ ಕಣೇ ಅಕ್ಕ,” ಎಂದು ಅವಳು ಅಮ್ಮನ ಹತ್ತಿರ ಪಿಸುಗುಟ್ಟಿದ್ದಳು. ಆ ದನಿ ನಿಂತರೆ ಸಾಕಾಗಿತ್ತು ಅವಳಿಗೆ.

ಹೀಗಿರುವಾಗ ಕಂಪನಿಯಿಂದಲೇ ಫೋನ್ ಬಂತು. ಇಬ್ಬರೂ ಒಪ್ಪಿ ಕರಾರನ್ನು ಅವಧಿಗೆ ಮೊದಲೇ ಮುಗಿಸೋಣ, ಪತ್ರ ಸಿದ್ಧವಿದೆ, ಹೊಸ ಆಫೀಸಿಗೆ ಬಂದು ಸಹಿ ಹಾಕಿ ಎಂದರು. ಮಾತಾಡಲು ಜೊತೆಗೆ ಅಮ್ಮ ಹೊರಟಳು.

ಆಫೀಸು ಎತ್ತರದ ಕಟ್ಟಡದ ತುದಿಯಲ್ಲಿತ್ತು. ಲಿಫ್ಟಿನಲ್ಲಿ ಇಬ್ಬರೇ. ಚಿಕ್ಕಮ್ಮನ ದನಿ ಮಹಡಿಗಳನ್ನು ಒಂದೊಂದಾಗಿ ಹೇಳುತ್ತ ಹೋಯಿತು. ಅಮ್ಮ, “ನೋಡೇ, ನಿನ್ನ ಮನೆಗೇ ಬಂದ ಹಾಗಿದೆ,” ಎಂದು ನಗಿಸಲು ನೋಡಿದಳು. ಲಿಫ್ಟ್ ನಿಂತಿತು.

‘ಒಂಬತ್ತನೇ ಮಹಡಿ.’

ಚಿಕ್ಕಮ್ಮ ಅಮ್ಮನ ತೋಳು ಗಟ್ಟಿಯಾಗಿ ಹಿಡಿದಳು. ಬಾಗಿಲು ತೆರೆದರೂ ಕಾಲೆತ್ತಲಿಲ್ಲ.

“ಏನಾಯ್ತೇ?”

“ಅದು ನಾನು ಹೇಳಿದ್ದಲ್ಲ.”

“ನಿನ್ನ ದನೀನೇ ಅಲ್ವೇನೇ?”

“ದನಿ ನಂದು. ಮಾತು ನಂದಲ್ಲ. ಆಗ ಅವರ ಹತ್ರ ಎಂಟು ಮಹಡಿ ಮೀರಿದ ಕಟ್ಟಡಾನೇ ಇರ್ಲಿಲ್ಲ. ಎಂಟು ಆದಮೇಲೆ ‘ತಾರಸಿ’ ಅಂದು ಮುಗಿಸಿದ್ದೆ. ಒಂಬತ್ತು ಅಂತ ನಾನು ಯಾವತ್ತೂ ಹೇಳಿಲ್ಲ ಅಕ್ಕ.”

‘ಬಾಗಿಲು ಮುಚ್ಚುತ್ತಿದೆ’ ಎಂದಿತು ಅವಳ ದನಿ. ಅಮ್ಮ ಅವಳನ್ನು ಹೊರಗೆ ಎಳೆದುಕೊಂಡಳು. ಮುಂದೆ ಅಮ್ಮ ಯಾವ ಲಿಫ್ಟನ್ನೂ ಒಬ್ಬಳೇ ಹತ್ತಲಿಲ್ಲ.

ಮ್ಯಾನೇಜರು ಒಳ್ಳೆಯ ಮಾತಿನ ಮನುಷ್ಯ. ಪತ್ರದ ಎರಡು ಪ್ರತಿಗಳನ್ನು ಮುಂದಿಟ್ಟರು. ಎರಡೂ ಕಡೆಯವರು ಸ್ವಂತ ಇಚ್ಛೆಯಿಂದ ಕರಾರನ್ನು ಮುಗಿಸುತ್ತಿದ್ದಾರೆ, ಕೊಡಬೇಕಾದ್ದೆಲ್ಲ ಕೊಟ್ಟು ಮುಗಿದಿದೆ ಎಂದಿತ್ತು. ಅದರ ಕೆಳಗಿನ ಸಾಲನ್ನು ಅಮ್ಮ ಗಟ್ಟಿಯಾಗಿ ಓದಿದಳು: ‘ಈ ಕರಾರಿಗೆ ಸಂಬಂಧಿಸಿ, ಈಗಾಗಲೇ ತಯಾರಾಗಿರುವ ದನಿಯ ಸಾಮಗ್ರಿಯೂ ಸೇರಿ, ಈಗ ತಿಳಿದಿರುವ ಅಥವಾ ಮುಂದೆ ತಿಳಿಯಬಹುದಾದ ಯಾವ ಹಕ್ಕನ್ನೂ ಒಬ್ಬರು ಇನ್ನೊಬ್ಬರಿಂದ ಕೇಳತಕ್ಕದ್ದಲ್ಲ.’

“ಎಲ್ಲಾ ಪತ್ರದಲ್ಲೂ ಇರೋ ಸಾಲು ಮೇಡಂ. ನೀವೂ ಬಿಡುಗಡೆ, ನಾವೂ ಬಿಡುಗಡೆ.”

ಚಿಕ್ಕಮ್ಮ ಪೆನ್ ಕೆಳಗಿಟ್ಟು ಅಮ್ಮನ ಕಿವಿಯಲ್ಲಿ ಹೇಳಿದಳು. ಅಮ್ಮ ಕೇಳಿದಳು: “ಒಂಬತ್ತು ಅಂತ ಹೇಳಿದ್ದು ಯಾರು ಸ್ವಾಮಿ?”

ಮ್ಯಾನೇಜರು ನೀರು ಕುಡಿದರು. “ಅದು... ಮೇಡಂ ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ಮಾಡಿಸಿದ್ದು. ಈಗ ಏನು ಟೈಪ್ ಮಾಡಿದ್ರೂ ಅದೇ ದನಿಯಲ್ಲಿ ಹೇಳುತ್ತೆ. ಅವರಿಗೆ ತೊಂದರೆ ಕೊಡೋದು ಬೇಡ ಅಂತ...”

“ಏನು ಬೇಕಾದ್ರೂ?”

“ಏನು ಬೇಕಾದ್ರೂ.”

ಗೋಡೆಯಾಚೆ ಲಿಫ್ಟ್ ಬಂದು ನಿಂತಿತು; ‘ಒಂಬತ್ತನೇ ಮಹಡಿ’ ಎಂದು ಅವಳ ದನಿ ಅಲ್ಲಿಂದ ಹೇಳಿದ್ದು ಕೇಳಿಸಿತು.

ಈಗ ಚಿಕ್ಕಮ್ಮ ತಾನೇ ಮಾತಾಡಿದಳು. ಮ್ಯಾನೇಜರು ಮೇಜಿನ ಮೇಲೆ ಬಾಗಿ ಕಿವಿಗೊಡಬೇಕಾಯಿತು. “ಈ ಸಾಲಿಗೆ ಸಹಿ ಹಾಕಿದ್ರೆ, ಆ ಲಿಫ್ಟಿನವಳು ಮುಂದೆ ಏನಂದ್ರೂ ಯಾಕೆ ಅಂತ ನಾನು ಕೇಳೋ ಹಾಗಿಲ್ಲ. ನಾನು ಒಪ್ಪಲ್ಲ.”

“ಒಪ್ಪದಿದ್ರೆ ಕರಾರು ಹಾಗೇ ಉಳಿಯುತ್ತೆ ಮೇಡಂ.”

“ಉಳೀಲಿ ಬಿಡಿ,” ಎಂದಳು ಅಮ್ಮ. “ನಮಗೇನು ಅವಸರ? ಇಬ್ಬರೂ ಒಪ್ಪಿದ್ರೆ ತಾನೇ ಇದು ಪತ್ರ, ಇಲ್ಲದಿದ್ರೆ ಪೊಟ್ಟಣ ಕಟ್ಟೋ ಕಾಗದ. ಒಂಬತ್ತು ಹೇಳಿಸೋಕೆ ಕರಾರಲ್ಲಿ ಎಲ್ಲಿ ಬರೆದಿದೆ ಅಂತ ನಮ್ಮ ವಕೀಲರು ಬಂದು ಕೇಳ್ತಾರೆ.”

ನಮಗೆ ಯಾವ ವಕೀಲರೂ ಇರಲಿಲ್ಲ. ಮ್ಯಾನೇಜರು ಒಳಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಪತ್ರ ಹೊಸದಾಗಿ ಅಚ್ಚಾಗಿ ಬಂತು. ದನಿಯ ಸಾಮಗ್ರಿಯ ಮಾತು ಬಿಡುಗಡೆಯ ಸಾಲಿನಿಂದ ಹೋಗಿತ್ತು. ಅದರ ಬದಲು, ಅವಳ ದನಿಯನ್ನೂ ಅದರಿಂದ ಮಾಡಿದ ದನಿಯನ್ನೂ ಒಂದು ತಿಂಗಳೊಳಗೆ ಎಲ್ಲ ಲಿಫ್ಟುಗಳಿಂದ ತೆಗೆದು ಅಳಿಸಬೇಕು, ಅಳಿಸಿದ್ದನ್ನು ಬರೆದು ತಿಳಿಸಬೇಕು, ಈ ವಿಷಯ ಬಿಡುಗಡೆಗೆ ಸೇರುವುದಿಲ್ಲ ಎಂದಿತ್ತು. ಎರಡೂ ಪ್ರತಿಗಳಿಗೆ ಇಬ್ಬರೂ ಸಹಿ ಹಾಕಿದರು, ಒಂದು ಪ್ರತಿ ಚಿಕ್ಕಮ್ಮನ ಕೈಗೆ ಬಂತು. ಅಕ್ಕ ತಂಗಿ ಮೆಟ್ಟಿಲಿಳಿದೇ ಮನೆಗೆ ಬಂದರು.

ಅಳಿಸಿದ್ದೇವೆ ಎಂಬ ಪತ್ರ ಬಂದಾಗ ಚಿಕ್ಕಮ್ಮ ನಂಬಲಿಲ್ಲ. ಅಮ್ಮನನ್ನು ಕರೆದುಕೊಂಡು ಅದೇ ಕಟ್ಟಡಕ್ಕೆ ಹೋದಳು. ಲಿಫ್ಟಿನಲ್ಲಿ ನಾಲ್ಕಾರು ಜನರಿದ್ದರು. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಯಾವ ಮಹಡಿಯಲ್ಲೂ ಯಾರೂ ಮಾತಾಡಲಿಲ್ಲ. ತುದಿಯಲ್ಲಿ ಲಿಫ್ಟ್ ನಿಂತಾಗ ಚಿಕ್ಕಮ್ಮ ಉಸಿರೆಳೆದು, ಆ ಒಣ ಪಿಸುದನಿಯಲ್ಲಿ, ಜೀವನದಲ್ಲಿ ಮೊದಲ ಸಲ ಹೇಳಿದಳು:

“ಒಂಬತ್ತನೇ ಮಹಡಿ.”

ಜೊತೆಗಿದ್ದವರೆಲ್ಲ ಬೆಚ್ಚಿ ತಲೆಯೆತ್ತಿ ಮೇಲಿನ ಸ್ಪೀಕರಿನ ಕಡೆ ನೋಡಿದರಂತೆ. ಅವಳ ಕಡೆ ಯಾರೂ ನೋಡಲಿಲ್ಲ.