ತೂಕದಣ್ಣನ ಹದಿನೆಂಟು ವರ್ಷ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ತೂಕದಣ್ಣ ಕಾರ್ಮಿಕ ಇಲಾಖೆಯ ಎರಡನೆಯ ಮಹಡಿಯಲ್ಲಿ, ಒಂದು ಕಾಲು ಗಿಡ್ಡವಾದ ಬೆಂಚಿನ ಮೇಲೆ ಕೂತು, ಅಂಗಿಯ ಅಂಚಿನಿಂದ ಕನ್ನಡಕ ಒರೆಸುತ್ತಿದ್ದರು. ವಿಚಾರಣೆ ಇದ್ದದ್ದು ಹತ್ತೂವರೆಗೆ. ಇದು ಒಂಬತ್ತನೆಯ ದಿನಾಂಕ. ಮೊದಲಿನ ಎಂಟರಲ್ಲಿ ಮೂರು ಸಲ ಕಂಪನಿಯ ವಕೀಲರು ಬಂದಿರಲಿಲ್ಲ, ಎರಡು ಸಲ ಅಧಿಕಾರಿಗಳಿಗೆ ಬೇರೆ ಸಭೆಯಿತ್ತು, ಒಂದು ಸಲ ಫೈಲು ಸಿಗಲಿಲ್ಲ. ಉಳಿದ ಎರಡರಲ್ಲಿ ಮಾತ್ರ ಏನೋ ಒಂದಿಷ್ಟು ನಡೆದಿತ್ತು.

ಅವರ ಕೆಲಸ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣದ ಪುಡಿ ತೂಗುವುದಾಗಿತ್ತು. ಮೊದಲ ವರ್ಷವೇ ಎಲ್ಲರೂ ತೂಕದಣ್ಣ ಎಂದರು. ಆಮೇಲೆ ಮನೆಯಲ್ಲಿ ಹೆಂಡತಿಯೂ, ಸಿಟ್ಟು ಬಂದಾಗ ಮಾತ್ರ, ಹಾಗೆಯೇ ಕರೆದಳು. ತೂಕದ ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ. ಪುಡಿ ಹಾರಬಾರದೆಂದು ಅಲ್ಲಿ ಫ್ಯಾನಿರಲಿಲ್ಲ. ಅಲ್ಲಿನ ಕ್ರಮ ಒಂದೇ: ತೂಗಿದವನು ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು, ಬಾಗಿಲಾಚೆ ನಿಂತ ಬಣ್ಣ ಕಲಸುವವನು ಅದನ್ನೇ ತಿರುಗಿ ಹೇಳಬೇಕು, ಆಮೇಲೆ ತೂಕದ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಅಂಕಿ ತಿರುಗಿ ಕೇಳಿಸುವವರೆಗೆ ತೂಕದಣ್ಣ ಬಟ್ಟಲನ್ನು ಕೈಯಿಂದ ಬಿಡುತ್ತಿರಲಿಲ್ಲ. ಒಂದು ಗ್ರಾಂ ನೀಲಿ ಹೆಚ್ಚಾದರೆ ಸಾವಿರ ಮೀಟರ್ ಬಟ್ಟೆ ಹಾಳು.

ಹದಿನೇಳು ವರ್ಷ ಏಳು ತಿಂಗಳು ಹೀಗೆ ಕಳೆದು ಐವತ್ತೆಂಟು ತುಂಬಿತು. ಬೀಳ್ಕೊಡುವ ದಿನ ಮ್ಯಾನೇಜರ್ ಒಂದು ಗೋಡೆ ಗಡಿಯಾರ ಕೊಟ್ಟು, 'ಬಾಕಿ ಏನೂ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು.

“ಗ್ರಾಚ್ಯುಟಿ, ಸಾರ್?”

“ಆಗುತ್ತೆ ಬಿಡಿ. ಮುಂದಿನ ತಿಂಗಳು ಬನ್ನಿ.”

ಮುಂದಿನ ತಿಂಗಳು ಎಂಬುದು ಐದು ಸಲ ಬಂತು. ಐದೂ ಸಲ ಕಾವಲುಗಾರ ಗೇಟಿನಲ್ಲೇ ಕೂರಿಸಿದ. ಐದನೆಯ ಸಲ ಮ್ಯಾನೇಜರ್ ಹೊರಗೆ ಬಂದು, “ನೋಡಿ, ನಿಮಗೆ ಗ್ರಾಚ್ಯುಟಿ ಬರಲ್ಲ. ನಿಮ್ಮ ನೇಮಕ ಪ್ರತಿ ಸಲ ಹನ್ನೊಂದೇ ತಿಂಗಳದ್ದು. ಮಧ್ಯೆ ಒಂದೊಂದು ತಿಂಗಳು ನೀವು ನಮ್ಮವರೇ ಅಲ್ಲ. ಗ್ರಾಚ್ಯುಟಿಗೆ ಬೇಕಾದ ಸತತ ಐದು ವರ್ಷ ಎಲ್ಲಿ ಆಯ್ತು?” ಎಂದರು.

ಆ ಕಾಗದಗಳು ತೂಕದಣ್ಣನಿಗೆ ನೆನಪಿದ್ದವು. ಪ್ರತಿ ವರ್ಷ ಸಹಿ ಹಾಕಿದ್ದರು. ಆದರೆ ಆ ‘ಮಧ್ಯದ’ ತಿಂಗಳಲ್ಲೂ ಅವರು ಒಂದು ದಿನ ಮನೆಯಲ್ಲಿ ಕೂತವರಲ್ಲ. ಆ ತಿಂಗಳ ಸಂಬಳ ಮಾತ್ರ ಚೀಟಿಯ ಮೇಲೆ ನಗದಾಗಿ ಬರುತ್ತಿತ್ತು.

ಮನೆಗೆ ಬಂದು ಹೇಳಿದಾಗ ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಹದಿನೇಳು ವರ್ಷ ಬಣ್ಣ ತೂಗಿದ್ರಿ. ನಿಮಗೆ ಬಳಿದ ಬಣ್ಣ ಗೊತ್ತಾಗಲಿಲ್ವಾ?”

“ಸಹಿ ಹಾಕಿ ಅಂದ್ರು, ಹಾಕಿದೆ.”

“ತಾರಸಿಯ ಸೋರಿಕೆ ಸರಿಮಾಡಿಸ್ತೀನಿ ಅಂತ ಮೇಸ್ತ್ರಿಗೆ ಮಾತು ಕೊಟ್ಟಿದೀರಿ. ಇನ್ನು ಅವನಿಗೆ ಮುಖ ಹೇಗೆ ತೋರಿಸ್ತೀರೋ.”

ನಿಜಕ್ಕೂ ಅವರಿಗೆ ಆ ಹಣ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಪಿಂಚಣಿ ಎಂದು ಬರುತ್ತಿದ್ದದ್ದು ಔಷಧಿ ಅಂಗಡಿಯವರೆಗೆ ಹೋಗಿ ಅಲ್ಲೇ ಮುಗಿಯುತ್ತಿತ್ತು.

ಇಲಾಖೆಯ ಕಟ್ಟಡದ ಎದುರು, ಮರದ ಕೆಳಗೆ, ಟೈಪಿಂಗ್ ಯಂತ್ರ ಇಟ್ಟುಕೊಂಡು ಕೂರುವ ಒಬ್ಬ ಹೆಂಗಸಿದ್ದಳು. ಎಲ್ಲರಿಗೂ ಟೈಪಿಂಗ್ ಅಕ್ಕ. ಇಪ್ಪತ್ತು ವರ್ಷ ಬೇರೆಯವರ ಜಗಳ ಟೈಪ್ ಮಾಡಿ ಅರ್ಧ ವಕೀಲೆಯಾಗಿದ್ದಳು. ತೂಕದಣ್ಣ ಎದುರು ಕೂತ ಕೂಡಲೇ ಆಕೆ ಕೇಳಿದ ಮೊದಲ ಪ್ರಶ್ನೆ, “ಅಣ್ಣ, ಬರವಣಿಗೆಯಲ್ಲಿ ಕೇಳಿದೀರಾ?”

“ಬಾಯಲ್ಲೇ ಕೇಳಿದೆ. ಐದು ಸಲ.”

“ಬಾಯಿಗೆ ಸ್ವೀಕೃತಿ ಚೀಟಿ ಇಲ್ಲ. ಕೆಲಸ ಬಿಟ್ಟು ಮೂವತ್ತು ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕಿತ್ತು. ಹೆದರಬೇಡಿ, ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಹಕ್ಕು ಹೋಗಲ್ಲ. ಈಗ ರಿಜಿಸ್ಟರ್ ಅಂಚೆಯಲ್ಲಿ ಕಳಿಸೋಣ. ಕೊನೆಯ ಸಂಬಳ ಎಷ್ಟು?”

“ಇಪ್ಪತ್ತೊಂದು ಸಾವಿರದ ಮುನ್ನೂರು.”

“ಅದರಲ್ಲಿ ಓವರ್‌ಟೈಮ್, ಮನೆ ಬಾಡಿಗೆ ಭತ್ಯೆ ತೆಗೀರಿ. ಮೂಲ ವೇತನ, ತುಟ್ಟಿಭತ್ಯೆ ಅಷ್ಟೇ ಲೆಕ್ಕ.”

ತೂಕದಣ್ಣ ಸಂಬಳದ ಚೀಟಿಯ ಹಿಂಬದಿಯಲ್ಲಿ ಬರೆದರು. ಹದಿನೈದು ಸಾವಿರದ ಆರುನೂರು. ಇಪ್ಪತ್ತಾರರಿಂದ ಭಾಗಿಸಿದರೆ ದಿನಕ್ಕೆ ಆರುನೂರು. ವರ್ಷಕ್ಕೆ ಹದಿನೈದು ದಿನದ ಲೆಕ್ಕದಲ್ಲಿ ಒಂಬತ್ತು ಸಾವಿರ.

“ಹದಿನೇಳು ವರ್ಷಕ್ಕೆ ಒಂದು ಲಕ್ಷದ ಐವತ್ಮೂರು ಸಾವಿರ,” ಎಂದರು.

“ಹದಿನೆಂಟು ವರ್ಷಕ್ಕೆ ಬರೀರಿ. ಆರು ತಿಂಗಳಿಗಿಂತ ಹೆಚ್ಚಾದರೆ ಪೂರ್ತಿ ವರ್ಷ.”

“ಐದು ತಿಂಗಳು ಕಡಿಮೆ ಇದೆಯಲ್ಲಮ್ಮ.”

“ಅಯ್ಯೋ, ಕಾನೂನೇ ಕೊಡ್ತಿದೆ. ನೀವು ತಕ್ಕಡಿ ಕೆಳಗಿಡಿ ಅಣ್ಣ.”

ಒಂದು ಲಕ್ಷದ ಅರವತ್ತೆರಡು ಸಾವಿರ ಎಂದು ಬರೆದರು. ಬರೆದು, ಸ್ವಲ್ಪ ಹೊತ್ತು ಅದನ್ನೇ ನೋಡಿದರು.

ಕಂಪನಿಯ ಉತ್ತರ ಬಂತು: ಸತತ ಐದು ವರ್ಷದ ಸೇವೆಯಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ಟೈಪಿಂಗ್ ಅಕ್ಕ ಅದನ್ನು ಓದಿ ಖುಷಿಪಟ್ಟಳು. “ಈಗ ಇದು ಕಾಗದದ ಮೇಲೆ ಬಂತು. ಇಲ್ಲಿಂದ ತೊಂಬತ್ತು ದಿನದೊಳಗೆ ಮೇಲೆ ಕೂತಿರೋ ಅಧಿಕಾರಿಗೆ ಅರ್ಜಿ. ಕಂಟ್ರೋಲಿಂಗ್ ಅಥಾರಿಟಿ ಅಂತಾರೆ. ಕೋರ್ಟಿಗೆ ಹೋಗಬೇಕಿಲ್ಲ, ವಕೀಲರೂ ಬೇಕಿಲ್ಲ. ಬಾಕಿ ಇಲ್ಲ ಅಂತ ಬರೆಸಿಕೊಂಡ ಕಾಗದವನ್ನೂ ಹೇಳಿಬಿಡಿ. ನಾಳೆ ಅವರೇ ತೋರಿಸ್ತಾರೆ. ಅಂಥ ಸಹಿಯಿಂದ ಗ್ರಾಚ್ಯುಟಿ ಹಕ್ಕು ಅಳಿಯಲ್ಲ.” ಹತ್ತೇ ದಿನದಲ್ಲಿ ಅರ್ಜಿ ಹೋಯಿತು. ಆಮೇಲೆ ಎರಡನೆಯ ಮಹಡಿಯ ಆ ಬೆಂಚು.

ಏಳನೆಯ ದಿನಾಂಕದಲ್ಲಿ ಅಧಿಕಾರಿ, ಐವತ್ತರ ಆಸುಪಾಸಿನ ಮೆದುಮಾತಿನ ಹೆಂಗಸು, “ಮಧ್ಯದ ತಿಂಗಳಲ್ಲೂ ಕೆಲಸ ಮಾಡಿದ್ದಕ್ಕೆ ಏನು ಪುರಾವೆ?” ಎಂದು ಕೇಳಿದ್ದರು.

“ತೂಕದ ಪುಸ್ತಕ, ಮೇಡಂ. ಅದರಲ್ಲಿ ನನ್ನ ಸಹಿ ಇದೆ.”

“ಹಳೆಯ ಪುಸ್ತಕಗಳನ್ನ ಗೆದ್ದಲು ತಿಂದಿದೆ,” ಎಂದರು ಕಂಪನಿಯ ವಕೀಲರು.

“ಗೆದ್ದಲು ಕಬ್ಬಿಣದ ಬೀರು ತಿನ್ನಲ್ಲ ಸಾರ್,” ಎಂದರು ತೂಕದಣ್ಣ. ದನಿ ಏರಲಿಲ್ಲ. “ಬಟ್ಟೆ ಕೊಂಡುಕೊಳ್ಳೋ ಕಂಪನಿಯವರ ತಪಾಸಣೆಗೆ ಅಂತ ಎಂಟು ವರ್ಷದ ಪುಸ್ತಕ ಇಡಲೇಬೇಕು. ಕೆಳಗಿನ ಖಾನೆ, ಎಡಗಡೆ. ಜೋಡಿಸಿದ್ದು ನಾನೇ.”

ಅಧಿಕಾರಿ ಪುಸ್ತಕ ತರಬೇಕೆಂದು ಬರೆದು ಆದೇಶಿಸಿದರು. ಎಂಟನೆಯ ದಿನಾಂಕಕ್ಕೆ ವಕೀಲರು ಬರಲಿಲ್ಲ. ಇನ್ನೊಂದು ಸಲ ಬಾರದಿದ್ದರೆ ಅವರಿಲ್ಲದೆಯೇ ತೀರ್ಮಾನಿಸುತ್ತೇನೆ ಎಂದು ಅಧಿಕಾರಿ ತಿಳಿಸಿದ್ದರು.

ಅದೇ ವಾರ ಕಲಸುವವನು ಮನೆಗೆ ಬಂದಿದ್ದ. ಹನ್ನೆರಡು ವರ್ಷ ಬಾಗಿಲಾಚೆ ನಿಂತು ಅಂಕಿ ತಿರುಗಿ ಹೇಳಿದವನು. ಈಗಲೂ ಅಲ್ಲೇ ಕೆಲಸ.

“ಅಣ್ಣ, ಸಾಕ್ಷಿಗೆ ಮಾತ್ರ ಕರೀಬೇಡಿ. ಮಗಳ ಕಾಲೇಜು ಇನ್ನೂ ಎರಡು ವರ್ಷ ಇದೆ.”

“ಕರೆಯಲ್ಲ.”

“ಬೇಜಾರಾ?”

“ಇಲ್ಲಪ್ಪ. ಸುಸ್ತು.”

ಈ ಒಂಬತ್ತನೆಯ ದಿನಾಂಕದಂದು ಹನ್ನೊಂದೂಕಾಲಿಗೆ ಜವಾನ ಕರೆದ. ಈ ಸಲ ವಕೀಲರ ಜೊತೆ ಮ್ಯಾನೇಜರ್ ಬಂದಿದ್ದರು. ಮೇಜಿನ ಮೇಲೆ ಪುಸ್ತಕಗಳ ಕಟ್ಟು. ಅಂಚುಗಳಲ್ಲಿ ನೀಲಿ, ಕೆಂಪು ಬೆರಳ ಗುರುತು. ತೂಕದಣ್ಣನಿಗೆ ಅವನ್ನು ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ.

ಮ್ಯಾನೇಜರ್ ಹೇಳಿಕೆ ಕೊಟ್ಟರು. ಮಧ್ಯದ ತಿಂಗಳುಗಳಲ್ಲಿ ಈ ಮನುಷ್ಯ ಕಾರ್ಖಾನೆಯೊಳಗೆ ಕಾಲಿಟ್ಟಿಲ್ಲ. ಸಹಿ ಆಮೇಲೆ ಹಾಕಿದ್ದಿರಬಹುದು.

“ನೀವೇನಾದರೂ ಕೇಳ್ತೀರಾ?” ಎಂದು ಅಧಿಕಾರಿ ತೂಕದಣ್ಣನತ್ತ ತಿರುಗಿದರು.

ತೂಕದಣ್ಣ ಎದ್ದು ನಿಂತರು. “ಸಾರ್, ಆರು ವರ್ಷದ ಹಿಂದೆ ಹೊಸ ತಕ್ಕಡಿ ಬಂತಲ್ಲ. ಗ್ರಾಮಿನ ಹತ್ತರಲ್ಲೊಂದು ಭಾಗ ತೋರಿಸೋದು. ಯಾವ ತಿಂಗಳು?”

“ಜೂನ್ ಇರಬೇಕು. ಬಿಲ್ಲು ನಾನೇ ಪಾಸ್ ಮಾಡಿದ್ದು.”

“ಆ ವರ್ಷ ನನ್ನ ಮಧ್ಯದ ತಿಂಗಳು ಯಾವುದು ಸಾರ್?”

ಮ್ಯಾನೇಜರ್ ವಕೀಲರ ಮುಖ ನೋಡಿದರು. ವಕೀಲರು ಕಾಗದ ತಿರುವಿ, ನೆತ್ತಿ ಕೆರೆದುಕೊಂಡು, “ಜೂನ್,” ಎಂದರು.

“ಮೊದಲ ತೂಕ ನೋಡೋಕೆ ನೀವೇ ಬಂದು ಬಾಗಿಲಲ್ಲಿ ನಿಂತಿದ್ರಿ. ಜೋರಾಗಿ ಹೇಳಿ, ಬಿಂದು ಸಮೇತ ಹೇಳಿ ಅಂದ್ರಿ. ಹಳೆಯದರಲ್ಲಿ ದಶಾಂಶ ಬಿಂದು ಇರಲಿಲ್ಲ. ಕಡುನೀಲಿ ಪುಡಿ. ನಾನು ಹೇಳಿದ ಅಂಕಿ ನನಗೆ ನೆನಪಿದೆ.”

ಅವರು ಅಂಕಿ ಹೇಳಿದರು. ತೂಕದ ಕೋಣೆಯಲ್ಲಿ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ, ನಿಧಾನವಾಗಿ. ಹೊರಗಿನ ಬೆಂಚಿನವರೂ ಇಣುಕಿದರು.

ಅಧಿಕಾರಿ ಆ ವರ್ಷದ ಪುಸ್ತಕ ಎಳೆದುಕೊಂಡು ಜೂನ್ ತಿರುವಿದರು. ಪುಟದ ಮೇಲೆ ಬೆರಳು ಇಳಿಯುತ್ತಾ ಹೋಗಿ ಒಂದು ಕಡೆ ನಿಂತಿತು. ಬಿಂದು ಇರುವ ಮೊದಲ ಅಂಕಿ ಅದು. ಎದುರಿಗೆ ಎರಡು ಸಹಿ. ಅಂಚಿನಲ್ಲಿ, ಹೊಸ ಯಂತ್ರ ಪರಿಶೀಲಿಸಲಾಗಿದೆ ಎಂದು ಮೂರನೆಯ ಸಹಿ, ಮ್ಯಾನೇಜರರದೇ. ಅಧಿಕಾರಿ ಆ ಅಂಕಿಯನ್ನು ತಿರುಗಿ ಓದಿದರು.

ತೂಕದಣ್ಣ ಮುಷ್ಟಿ ಬಿಗಿದಿದ್ದ ಬಲಗೈಯನ್ನು ಸಡಿಲಿಸಿದರು.

ಆದೇಶ ಎರಡು ತಿಂಗಳ ನಂತರ ಬಂತು. ಟೈಪಿಂಗ್ ಅಕ್ಕ ಮರದ ಕೆಳಗೆ ಓದಿ ಹೇಳಿದಳು. ಮಧ್ಯದ ತಿಂಗಳುಗಳು ಕಾಗದದ ಮೇಲಷ್ಟೇ ಇದ್ದವು. ಕಂಪನಿಯ ಮಾತನ್ನೇ ಒಪ್ಪಿದರೂ, ಭವಿಷ್ಯನಿಧಿಯ ದಾಖಲೆಯಂತೆ ಪ್ರತಿ ವರ್ಷ ಹನ್ನೊಂದು ತಿಂಗಳು ಕೆಲಸ ಮಾಡಿದ್ದಾರೆ. ಹನ್ನೆರಡು ತಿಂಗಳಲ್ಲಿ ಇನ್ನೂರ ನಲವತ್ತು ದಿನ ಮಾಡಿದ್ದರೂ ಆ ವರ್ಷ ಸತತ ಸೇವೆಯೇ. ಮೂವತ್ತು ದಿನದೊಳಗೆ ಹಣ ಕೊಡಬೇಕು, ಕೊಡಬೇಕಾಗಿದ್ದ ದಿನದಿಂದ ಕೊಡುವ ದಿನದವರೆಗೆ ಶೇಕಡಾ ಹತ್ತು ಸರಳ ಬಡ್ಡಿ.

“ಮೇಲ್ಮನವಿ ಹಾಕ್ತಾರಾ?” ಎಂದು ತೂಕದಣ್ಣ ಕೇಳಿದರು.

“ಅರವತ್ತು ದಿನ ಇದೆ. ಆದರೆ ಗ್ರಾಚ್ಯುಟಿ ಪೂರ್ತಿ ಠೇವಣಿ ಇಟ್ಟೇ ಹಾಕಬೇಕು. ಈ ಜನ ಇಡಲ್ಲ. ಸುಮ್ಮನೆ ಕೂರ್ತಾರೆ, ನೋಡಿ.”

ಹಾಗೆಯೇ ಆಯಿತು. ಮೂವತ್ತು ದಿನ ಕಳೆದವು, ಅರವತ್ತೂ ಕಳೆದವು. ಮತ್ತೆ ಒಂದು ಅರ್ಜಿ, ವಸೂಲಿಗೆ. ಅಧಿಕಾರಿ ಕೊನೆಯದಾಗಿ ಕಂಪನಿಯನ್ನು ಕೇಳಿ, ಆಮೇಲೆ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿದರು. ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು. ತೂಕದಣ್ಣ ಇನ್ನೊಂದು ಕಚೇರಿಯ ಇನ್ನೊಂದು ಬೆಂಚು ಕಂಡುಕೊಂಡರು. ಇದರ ನಾಲ್ಕೂ ಕಾಲು ಸಮವಾಗಿದ್ದವು. ಕಂದಾಯದವರು ಯಂತ್ರಗಳ ಪಟ್ಟಿ ಮಾಡಲು ಕಾರ್ಖಾನೆಗೆ ಹೋದ ಮರುದಿನ ಡಿಡಿ ಬಂತು. ಅಸಲು ಒಂದು ಲಕ್ಷದ ಅರವತ್ತೆರಡು ಸಾವಿರ, ಎರಡೂವರೆ ವರ್ಷದ ಬಡ್ಡಿ ನಲವತ್ತು ಸಾವಿರದ ಐನೂರು.

ಹೆಂಡತಿ ಡಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ಮೇಸ್ತ್ರಿಗೆ ಹೇಳಿ ಕಳಿಸ್ಲಾ?”

“ನಾಳೆ. ಇವತ್ತು ಮಲಗ್ತೀನಿ.”

ಮಧ್ಯಾಹ್ನವೇ ಮಲಗಿದರು. ಸಂಜೆ ಕಲಸುವವನು ಬಂದು ಹೊಸಿಲಾಚೆಯೇ ನಿಂತ. ಒಳಗೆ ಕರೆದರೂ ಬರಲಿಲ್ಲ.

“ಅಣ್ಣ, ಅಲ್ಲೆಲ್ಲ ಅದೇ ಮಾತು. ಬಿಂದು ಸಮೇತ ಹೇಳಿದ್ರಂತಲ್ಲ. ನಾನು ಬರಬೇಕಿತ್ತು.”

“ಹೊಸ ತಕ್ಕಡಿ ಬಂದ ದಿನ ನೀನು ಬಾಗಿಲಾಚೆ ಇದ್ದೆಯಲ್ಲ. ಅಷ್ಟು ಸಾಕು. ಅಂಕಿ ನೆನಪಿದೆಯಾ?”

ಅವನು ತಲೆ ತಗ್ಗಿಸಿದ. ಆಮೇಲೆ, ಆ ದಿನ ತೂಕದಣ್ಣ ಹೇಳಿದ ಹಾಗೆಯೇ, ತಿರುಗಿ ಹೇಳಿದ:

“ಇನ್ನೂರ ಹದಿನೆಂಟು ಬಿಂದು ನಾಲ್ಕು.”