ಬಾಣಂತಿಯ ಎಡಗಾಲು

ಕಾಲು ನೋಯುತ್ತಿದೆ ಎಂದು ನನ್ನ ತಂಗಿ ಎರಡು ಸಲ ಹೇಳಿದಳು. ನಾನು ಅದನ್ನು ಅವಳ ಗಂಡನಿಗೆ ಹೇಳಲಿಲ್ಲ.

ದೆಹಲಿಯಲ್ಲಿ ಸಿಸೇರಿಯನ್ ಆಗಿ ಅವಳಿಗೆ ಗಂಡು ಮಗು ಹುಟ್ಟಿತ್ತು. ಅಮ್ಮ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ನಾನೇ ಕಿದ್ವಾಯಿ ನಗರದ ಅವರ ಕ್ವಾರ್ಟರ್ಸಿಗೆ ಹೋಗಿದ್ದೆ. ದಿನವೂ ಓಡಾಡಿಸಿ, ಕಾಲು ಊದಿದರೆ ತಕ್ಷಣ ಕರೆತನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅವಳ ಗಂಡ ಅದನ್ನು ನನಗೆ ಕನ್ನಡದಲ್ಲಿ ತಿಳಿಸಿದ್ದರು. ನಾನು ತಲೆಯಾಡಿಸಿ, ಮನೆಗೆ ಬಂದು ಅವಳನ್ನು ಮಲಗಿಸಿದೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹಿಂದಿ ಬಾರದು, ತರಕಾರಿಯವನ ಹತ್ತಿರ ಮಾತಾಡಲೂ ಹೆದರುತ್ತಿದ್ದೆ. ಆ ಊರಿನಲ್ಲಿ ನನಗೆ ಗೊತ್ತಿದ್ದುದು ಬಾಣಂತನ ಒಂದೇ. ಅದರಲ್ಲೂ ಇನ್ನೊಬ್ಬರು ಹೇಳುವುದನ್ನು ಕೇಳಲು ಮನಸ್ಸು ಒಪ್ಪಲಿಲ್ಲ.

“ಅಕ್ಕಾ, ಬಾಲ್ಕನಿವರೆಗೆ ಹೋಗಿ ಬರ್ತೀನಿ.”

“ಬಾಣಂತಿ ಗಾಳಿಗೆ ಹೋಗ್ತಾಳಾ? ಮಲ್ಕೋ ಸುಮ್ನೆ.”

“ನೀನು ಜೈಲಿನಲ್ಲಿ ಕೆಲಸಕ್ಕೆ ಸೇರ್ಬೇಕಿತ್ತು.”

ಎರಡನೆಯ ವಾರ ಅವಳ ಎಡಗಾಲಿನ ಮೀನಖಂಡ ಇದ್ದಕ್ಕಿದ್ದಂತೆ ಹಿಡಿದುಕೊಂಡಿತು. ಬಲಗಾಲು ಎಂದಿನಂತಿತ್ತು, ಎಡಗಾಲು ಮಾತ್ರ ದಪ್ಪಗಾಗಿ, ಮುಟ್ಟಿದರೆ ಬಿಸಿ. ವಾಯು ಎಂದುಕೊಂಡು ಎಣ್ಣೆ ಕಾಯಿಸಿ ಚೆನ್ನಾಗಿ ಉಜ್ಜಿದೆ. ಅವಳು ಹಲ್ಲು ಕಚ್ಚಿಕೊಂಡಳು.

“ನೀನೇ ಇವರಿಗೆ ಹೇಳು ಅಕ್ಕಾ, ನಾನು ಹೇಳಿದ್ರೆ ಗಾಬರಿಯಾಗ್ತಾರೆ.”

“ಆಫೀಸಿಂದ ಸುಸ್ತಾಗಿ ಬಂದಿರ್ತಾರೆ. ನಾಳೆಗೆ ಇಳಿಯುತ್ತೆ.”

ಮರುದಿನ ಮತ್ತೆ ಹೇಳಿದಳು. ಮತ್ತೆ ಉಜ್ಜಿದೆ.

ಅದರ ಮರುದಿನ ಬೆಳಿಗ್ಗೆ ಮಗುವಿಗೆ ಹಾಲು ಕೊಡುತ್ತಿದ್ದವಳು ಎದೆ ಹಿಡಿದುಕೊಂಡಳು. ಉಸಿರು ಸಿಗದೆ ಬಾಯಿ ತೆರೆದಳು. ತುಟಿ ನೀಲಿಯಾಗುತ್ತಿತ್ತು. ಆಫೀಸಿಗೆ ಹೊರಟಿದ್ದ ಅವಳ ಗಂಡ ಚಪ್ಪಲಿಯನ್ನೂ ಹಾಕಿಕೊಳ್ಳದೆ ಅವಳನ್ನು ಎತ್ತಿಕೊಂಡು ಓಡಿದರು. “ಭಯ್ಯಾ, ಜಲ್ದಿ, ಜಲ್ದಿ” ಎಂದು ಆಟೋದಲ್ಲಿ ಕೂಗುತ್ತಲೇ ಇದ್ದರು. ಮಗುವನ್ನು ಎದೆಗೊತ್ತಿಕೊಂಡ ನನಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ.

ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರ್ ಹೇಳಿದ್ದನ್ನು ಅವಳ ಗಂಡ ತಡೆದು ತಡೆದು ನನಗೆ ಕನ್ನಡದಲ್ಲಿ ಹೇಳಿದರು. ಹೆರಿಗೆಯ ನಂತರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಆಪರೇಷನ್ ಆಗಿ ಮಲಗಿಯೇ ಇದ್ದರೆ ಕಾಲಿನಲ್ಲಿ ಅದರ ಓಟ ನಿಧಾನವಾಗುತ್ತದೆ. ಕಾಲಿನ ರಕ್ತನಾಳದಲ್ಲಿ ಕಟ್ಟಿದ್ದ ಹೆಪ್ಪಿನ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಕೂತಿದೆ.

“ಕಾಲು ಊದಿದ ದಿನವೇ ಬಂದಿದ್ದರೆ ಅಲ್ಲೇ ತಡೆಯೋ ಔಷಧಿ ಕೊಡ್ತಿದ್ವಿ ಅಂತಾರೆ. ಯಾರಾದ್ರೂ ಉಜ್ಜಿದ್ರಾ ಅಂತ ಕೇಳ್ತಿದಾರೆ, ಅಕ್ಕ. ಇಂಥ ಕಾಲನ್ನ ಉಜ್ಜಲೇಬಾರದಂತೆ.”

ನಾನು ಗೋಡೆ ನೋಡಿದೆ. ಉತ್ತರ ಅವರಿಗೆ ಗೊತ್ತಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವಳು ಉಳಿಯುತ್ತಾಳೋ ಇಲ್ಲವೋ ಎಂದು ಡಾಕ್ಟರ್ ಹೇಳಲೇ ಇಲ್ಲ. ರಕ್ತ ತೆಳುವಾಗಿಸುವ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಮಗು ಹಸಿದು ಅತ್ತು, ಬಾಟಲಿ ಹಾಲು ಬೇಡವೆಂದು ಮುಖ ತಿರುಗಿಸುತ್ತಿತ್ತು.

ಕೊನೆಗೆ ಒಳಗೆ ಬಿಟ್ಟಾಗ ಅವಳು ಮಾಸ್ಕಿನೊಳಗಿಂದ ನನ್ನನ್ನೇ ನೋಡಿದಳು. ಮಗು ಎಲ್ಲಿ ಎಂದು ಕೈಸನ್ನೆ ಮಾಡಿದಳು. ಹೊರಗೆ ನರ್ಸ್ ಹತ್ತಿರ ಇದೆ ಎಂದೆ. ಪಕ್ಕದಲ್ಲಿ ಅವಳ ಗಂಡ ನಿಂತಿದ್ದರು. ಅವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

“ನೀನು ಎರಡು ಸಲ ಹೇಳಿದೆ ಕಣೇ. ನನಗೆ ಗೊತ್ತು ಅನ್ನೋ ಜಂಬದಲ್ಲಿ ನಾನು ಮುಚ್ಚಿಟ್ಟೆ. ತಪ್ಪು ನಂದೇ. ನನ್ನ ಕ್ಷಮಿಸೇ.”